ಬಾಬಿನಕ್ಕನ ನಂಬರು

ಮಷೀನಕ್ಕನ ಮುತ್ತಜ್ಜನನ್ನು ಜನ ಗಡಿಯಾರದಜ್ಜ ಅನ್ನುತ್ತಿದ್ದರು. ಪೇಟೆಯ ಗೋಪುರದ ದೊಡ್ಡ ಗಡಿಯಾರ ಒಂದು ಬೇಸಗೆಯಲ್ಲಿ ಕೆಟ್ಟು ನಿಂತು, ತಿಂಗಳುಗಟ್ಟಲೆ ಊರಿಗೆಲ್ಲ ಮೂರು ಗಂಟೆಯೇ ಆಗಿದ್ದಾಗ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮೇಲೇರಿದ ಪುಣ್ಯಾತ್ಮ ಅವನು. ಹಲ್ಲುಗಾಲಿಯ ನಡುವೆ ಗೂಡು ಕಟ್ಟಿದ್ದ ಪಾರಿವಾಳ ಮರಿಗಳನ್ನು ಹಾರಿಸಿಕೊಂಡು ಹೋಗುವವರೆಗೂ ಕೈ ಹಚ್ಚಲಾರೆ ಅಂತ ಹಟ ಹಿಡಿದು, ಊರಿನವರನ್ನು ಇನ್ನೂ ಹದಿನೈದು ದಿನ ಮೂರು ಗಂಟೆಯಲ್ಲೇ ಕೂರಿಸಿದ. ಅವನ ಮಗ ಎಣ್ಣೆ ಅಜ್ಜ. ಹೊಲಿಗೆ ಮಷೀನು ಈ ಕಡೆಗೆ ಬಂದ ಹೊಸದರಲ್ಲಿ ಅದನ್ನು ಬಿಚ್ಚಿ ಕೂಡಿಸಲು ತಾನೇ ಕಲಿತವನು. ಹೊಳೆ ತುಂಬಿ ದೋಣಿ ನಿಂತಾಗ ಯಾರದೋ ಮಷೀನನ್ನು ತಲೆಯ ಮೇಲೆ ಹೊತ್ತು, ಎದೆಮಟ್ಟ ನೀರಿನಲ್ಲಿ ದಾಟಿ ತಲುಪಿಸಿದವನು. ದಾಟಿದ ಮೇಲೆ ಅವನು ಕೇಳಿದ್ದು ಒಂದೇ ಮಾತಂತೆ: ಒಣ ಬಟ್ಟೆ ಕೊಡಿ, ನನಗಲ್ಲ, ಮಷೀನಿಗೆ. ಇನ್ನು ಅವನ ಮಗ, ಮಷೀನಕ್ಕನ ಅಪ್ಪ, ಬೀದಿಯಲ್ಲಿ ನಡೆದು ಹೋಗುತ್ತ ಯಾರದೋ ಕಿಟಕಿಯೊಳಗಿನ ಮಷೀನಿನ ಸದ್ದು ಕೇಳಿ, "ನಿಮ್ಮ ಬೆಲ್ಟು ಸಡಿಲ ಆಗಿದೆ ನೋಡಿ" ಅಂತ ಕೂಗಿ ಹೇಳಿ ಮುಂದೆ ಹೋಗುತ್ತಿದ್ದ ಆಸಾಮಿ. ಜನ ಅವನನ್ನು ಸ್ಕ್ರೂ ಮೇಷ್ಟ್ರು ಅಂದರು.

ಇಂಥ ಮೂರು ತಲೆಮಾರಿನ ಕೈಚಳಕ ಕೊನೆಗೆ ಬಂದು ಇಳಿದಿದ್ದು ಒಬ್ಬ ಹೆಂಗಸಿನ ಕೈಗೆ. ಐವತ್ತೆರಡು ವರ್ಷ, ಮೂಗಿನ ತುದಿಗೆ ಜಾರಿದ ಕನ್ನಡಕ, ಉಗುರಿನ ಸಂದಿಯಲ್ಲಿ ಯಾವ ಸೋಪಿಗೂ ಬಗ್ಗದ ಎಣ್ಣೆ. ಬೀದಿಯ ತಿರುವಿನಲ್ಲಿ ಬಾಗಿಲಗಲದ ಅಂಗಡಿ. ಬೆಳಿಗ್ಗೆ ಅಲ್ಲಿ ಕೂತು ಕೆಲಸ, ಮಧ್ಯಾಹ್ನದ ಮೇಲೆ ತಗಡಿನ ಪೆಟ್ಟಿಗೆಯನ್ನು ಸ್ಕೂಟರಿಗೆ ಬಿಗಿದು ಮನೆಮನೆಗೆ ಹೋಗಿ ಕೆಲಸ. ಎಲ್ಲರೂ ಕರೆಯುವುದು ಮಷೀನಕ್ಕ ಅಂತ. ಗಂಡ ಬಸ್ಸಿನ ಕಂಡಕ್ಟರು. ಅವನೂ ಫೋನಿನಲ್ಲಿ ಹಾಗೇ ಸೇವ್ ಮಾಡಿಕೊಂಡಿದ್ದಾನೆ ಅಂತ ನಗುವವರಿದ್ದಾರೆ.

ಕೆಲಸದಷ್ಟೇ ಅವಳಿಗೆ ಹೆಸರು ತಂದದ್ದು ಅವಳು ಮೆಸೇಜಿಗೆ ಉತ್ತರ ಕೊಡುವ ರೀತಿ. ಮೊದಲು ಹೀಗಿರಲಿಲ್ಲ. ಫೋನು ಕೈಗೆ ಬಂದ ಹೊಸದರಲ್ಲಿ ಯಾರೋ ಒಬ್ಬಾಕೆ ಲೊಕೇಶನ್ ಕಳಿಸಿದಳು, ಅದರ ಹಿಂದೆ ಮುಂದೆ ಒಂದು ಅಕ್ಷರ ಇಲ್ಲ. ಮಷೀನಕ್ಕ ಪೆಟ್ಟಿಗೆ ಕಟ್ಟಿಕೊಂಡು ಹೊರಟೇಬಿಟ್ಟಳು. ಹೋಗಿ ನಿಂತದ್ದು ಬಸ್ ಡಿಪೋದ ಗೇಟಿನ ಮುಂದೆ. ಆಯಮ್ಮ ಬಸ್ಸಿನಲ್ಲಿ ಕೂತು 'ಈಗಿರುವ ಜಾಗ' ಅನ್ನುವುದನ್ನು ಒತ್ತಿದ್ದಳು. ಮಷೀನು ಆಕೆಯ ಮನೆಯಲ್ಲಿ, ಮನೆ ಊರಿನ ಇನ್ನೊಂದು ತುದಿಯಲ್ಲಿ. ಇನ್ನೊಮ್ಮೆ ಒಬ್ಬರು ಬರೀ ಒಂದು ಕಾಂಟ್ಯಾಕ್ಟ್ ಕಾರ್ಡು ಕಳಿಸಿ ಸುಮ್ಮನಾದರು. ಗಿರಾಕಿಯ ನಂಬರಿರಬೇಕು ಅಂದುಕೊಂಡು ಇವಳು ಫೋನು ಮಾಡಿ, ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲಿನ ವಿಚಾರ ತೆಗೆದು, "ಹಲ್ಲು ತೇದಿದೆಯಾ ಸಾರ್, ಎಣ್ಣೆ ಹಾಕಿ ನೋಡಿದ್ರಾ?" ಅಂತ ಕೇಳಿದಳು. ಆ ಕಡೆ ಇದ್ದದ್ದು ದಂತವೈದ್ಯರು. ಬೇರೆ ಯಾರಿಗೋ ಹೋಗಬೇಕಿದ್ದ ಕಾರ್ಡು ಇವಳಿಗೆ ಬಂದಿತ್ತು. ನಗಲಾರದೆ ಅಳಲಾರದೆ ಅವಳು ಫೋನಿಟ್ಟಳು.

ಅವತ್ತಿನಿಂದ ಅವಳದೊಂದು ಕಟ್ಟುನಿಟ್ಟು. ಮಾತಿಲ್ಲದ ಲೊಕೇಶನ್ ಬಂದರೆ ಬೈಯುವುದಿಲ್ಲ, ಬರೀ ಪ್ರಶ್ನಾರ್ಥಕ ಚಿಹ್ನೆ ಒಗೆಯುವುದಿಲ್ಲ, ಹೊರಡುವುದಂತೂ ಇಲ್ಲ. ಮೊದಲು ಬಂದದ್ದು ಬಂತು ಅಂತ ಹೇಳುವುದು. ಆಮೇಲೆ ತೆರೆದು ನೋಡಿ, ನಕ್ಷೆಯಲ್ಲಿ ತನಗೆ ಕಂಡದ್ದೇನು ಅಂತ ಬರೆಯುವುದು: ನೀರಿನ ಟ್ಯಾಂಕಿನ ಹಿಂದಿನ ರಸ್ತೆ, ಎಡಗಡೆ, ಹೀಗೆ. ಕಳಿಸಿದವರಿಗೆ ತಪ್ಪಿದ್ದರೆ ತಾನೇ ತಿಳಿಯುತ್ತದೆ. ಕೊನೆಗೆ ಒಂದೇ ಒಂದು ಪ್ರಶ್ನೆ. ಕಾರ್ಡು ಬಂದರೆ, "ಕಾರ್ಡ್ ಬಂತು. ನಾನೇ ಅವರಿಗೆ ಫೋನ್ ಮಾಡಬೇಕಾ, ಅವರೇ ಮಾಡ್ತಾರಾ?" ಅಷ್ಟೇ.

"ಯಾಕೆ ಒಂದೇ ಪ್ರಶ್ನೆ?" ಅಂತ ಪಕ್ಕದ ಅಂಗಡಿಯ ಮುದಿ ದರ್ಜಿ, ಎಲ್ಲರ ಬಾಯಲ್ಲಿ ಅಳತೆ ಮಾವ, ಒಮ್ಮೆ ಕೇಳಿದ್ದ.

"ಎರಡು ಕೇಳಿದ್ರೆ ಒಂದಕ್ಕೂ ಉತ್ತರ ಬರಲ್ಲ ಮಾವ. ಮಾತಿಲ್ದೆ ಕಳ್ಸೋರು ಸೋಮಾರಿಗಳಾದ್ರೂ ಆಗಿರ್ತಾರೆ, ಕೈ ತುಂಬ ಕೆಲಸ ಇರೋರಾದ್ರೂ ಆಗಿರ್ತಾರೆ. ಇಬ್ರಿಗೂ ಒಂದು ಪ್ರಶ್ನೆನೇ ಹೆಚ್ಚು."

ಹಾಗೆ ಕಳಿಸುವವರಲ್ಲಿ ಮೂರನೆಯ ಜಾತಿಯವರೂ ಇರುತ್ತಾರೆ ಅನ್ನುವುದು ಅವಳಿಗೆ ಆಗ ಗೊತ್ತಿರಲಿಲ್ಲ.

ಆ ಮಂಗಳವಾರ ಬೆಳಿಗ್ಗೆ ಅವಳು ಒಂದು ಮಷೀನಿನ ಬಾಬಿನ್ ಕೂರುವ ಶಟಲ್ ಬಿಚ್ಚಿ, ಅದರ ಹಿಂದೆ ಸಿಕ್ಕಿಕೊಂಡಿದ್ದ ದಾರದ ಗಂಟನ್ನು ಚಿಮುಟದಲ್ಲಿ ಎಳೆಯುತ್ತಿದ್ದಾಗ ಫೋನು ಗುರ್ರ್ ಅಂದಿತು. ಗುರುತಿಲ್ಲದ ನಂಬರು, ಮುಖದ ಚಿತ್ರವೂ ಇಲ್ಲ. ಒಂದು ಲೊಕೇಶನ್, ಮಾತಿಲ್ಲ. ಅವಳು ಕೈ ಒರೆಸಿಕೊಂಡು ತೆರೆದಳು. ಕೆಂಪು ಗುರುತು ಹೊಳೆಯ ಆಚೆ ದಂಡೆಯಲ್ಲಿ, ಲಾರಿ ತೂಗುವ ತೂಕದ ಸೇತುವೆಯ ಹತ್ತಿರದ ಕಲ್ಲುಗಣಿಯ ಹೊಂಡದೊಳಗೆ, ನಟ್ಟನಡು ನೀರಿನಲ್ಲಿ ನಿಂತಿತ್ತು. ಅವಳು ಎಂದಿನಂತೆ ಬೆರಳಾಡಿಸಿದಳು:

"ಲೊಕೇಶನ್ ಬಂತು. ತೂಕದ ಸೇತುವೆ ಹತ್ತಿರ ಹೊಂಡದ ನೀರಿನ ಮಧ್ಯೆ ತೋರಿಸ್ತಿದೆ, ಸ್ವಲ್ಪ ಆಚೀಚೆ ಆಗಿರಬೇಕು. ಮಷೀನಿಗೆ ಏನಾಗಿದೆ?"

ಕಳಿಸಿದ ಮರುಕ್ಷಣವೇ ಎರಡು ಗೀಟು ನೀಲಿಯಾದವು. ಆ ಕಡೆಯವರು ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದರು ಅನ್ನುವಂತೆ. ಆದರೆ ಉತ್ತರವಿಲ್ಲ.

ಅಳತೆ ಮಾವ ಟೇಪು ಕೊರಳಿಗೆ ಹಾಕಿಕೊಂಡು ಬಂದು ಇಣುಕಿದ. "ನೀರಲ್ಲಿ ಯಾರಮ್ಮ ಹೊಲೀತಾರೆ? ಮೀನುಗಳಿಗೆ ಅಂಗಿ ಬೇಕಂತಾ?"

"ನೀನು ಹೋಗಿ ಅಳತೆ ತಗೊಂಡು ಬಾ ಮಾವ."

"ಗೊತ್ತಿಲ್ಲದ ನಂಬರು, ಗೊತ್ತಿಲ್ಲದ ಜಾಗ. ಒಬ್ಬಳೇ ಹೋಗ್ಬೇಡ. ಬ್ಲಾಕ್ ಮಾಡಿ ಒಗಿ."

"ಹೋಗೋದೆಲ್ಲಿ ಬಂತು? ಕೇಳಿದೀನಲ್ಲ. ಹೇಳಿದ್ರೆ ನೋಡೋಣ, ಇಲ್ಲದಿದ್ರೆ ಕೈತಪ್ಪಿ ಬಂದಿದ್ದು ಅಂದ್ಕೊಳ್ಳೋಣ."

ಮಧ್ಯಾಹ್ನ ಬುತ್ತಿಯ ಡಬ್ಬಿ ಬಿಚ್ಚುವ ಹೊತ್ತಿಗೆ ಅದೇ ನಂಬರಿನಿಂದ ಇನ್ನೊಂದು ಬಂತು. ಈ ಸಲ ಕಾಂಟ್ಯಾಕ್ಟ್ ಕಾರ್ಡು. ಅದಕ್ಕೂ ಮಾತಿಲ್ಲ. ಇದಪ್ಪ ಬುದ್ಧಿ, ಗಿರಾಕಿಯ ನಂಬರು ಕೊಟ್ಟರು ಅಂದುಕೊಂಡು ಅವಳು ಕಾರ್ಡು ತೆರೆದಳು. ಒಳಗಿದ್ದ ನಂಬರು ಓದಿದಳು. ಕನ್ನಡಕ ಮೇಲೇರಿಸಿ ಮತ್ತೆ ಓದಿದಳು. ಅದು ಅವಳದೇ ನಂಬರು. ಇಪ್ಪತ್ತು ವರ್ಷದಿಂದ ಅಂಗಡಿಯ ಬೋರ್ಡಿನ ಮೇಲಿರುವ, ನಿದ್ದೆಗಣ್ಣಲ್ಲೂ ಒದರಬಲ್ಲ ಹತ್ತು ಅಂಕಿ.

ಮೇಲಿದ್ದ ಹೆಸರು: ಬಾಬಿನಕ್ಕ.

ಕಾರ್ಡಿನಲ್ಲಿ ಬರುವುದು, ಕಳಿಸಿದವರು ತಮ್ಮ ಫೋನಿನಲ್ಲಿ ಬರೆದುಕೊಂಡ ಹೆಸರು. ಮಷೀನಕ್ಕ ಅಂತ ಬರೆದುಕೊಂಡವರು ಊರಿನಲ್ಲಿ ಐನೂರು ಜನ. ಬಾಬಿನಕ್ಕ ಅಂತ ಕರೆದವನು ಭೂಮಿಯ ಮೇಲೆ ಒಬ್ಬನೇ.

ಡಬ್ಬಿಯ ಮುಚ್ಚಳ ಅವಳ ಕೈಯಿಂದ ಜಾರಿ, ನೆಲದ ಮೇಲೆ ಗಿರಗಿರನೆ ಸುತ್ತಿ, ಸದ್ದು ಮಾಡುತ್ತ ಮಲಗಿತು.

ಅವನು ಅವಳ ತಮ್ಮ, ಏಳು ವರ್ಷಕ್ಕೆ ಚಿಕ್ಕವನು. ಅಪ್ಪನ ಅಂಗಡಿಯಲ್ಲಿ ಅಕ್ಕನಿಗಿದ್ದ ಮೊದಲ ಕೆಲಸ ಬಾಬಿನ್ನಿಗೆ ದಾರ ಸುತ್ತುವುದು. ಪಕ್ಕದಲ್ಲಿ ತೊದಲುತ್ತ ಕೂತಿದ್ದ ತಮ್ಮ ಹೆಸರಿಟ್ಟ. ದೊಡ್ಡವನಾಗಿ ಮೀಸೆ ಬಂದರೂ ಬಿಡಲಿಲ್ಲ. ಅಪ್ಪ ಹೋದ ಮೇಲೆ ಅಂಗಡಿಯನ್ನು ಇಬ್ಬರೂ ಸೇರಿ ನಡೆಸಿದರು. ಇವಳ ಬಾಯಿ ಹರಿತ, ಅವನದು ಬೀಗ. ಗಿರಾಕಿ ಬೈದರೆ ಅವನು ತಲೆ ತಗ್ಗಿಸಿ ಸ್ಕ್ರೂ ತಿರುಗಿಸುತ್ತಿದ್ದ, ಇವಳು ಎದ್ದು ನಿಂತು ಲೆಕ್ಕ ತೀರಿಸುತ್ತಿದ್ದಳು.

ಹನ್ನೊಂದು ವರ್ಷದ ಹಿಂದೆ ದಿಂಬಿನ ಚೀಲ ಹೊಲಿದು ಮಾರುವ ಒಬ್ಬ ಅಜ್ಜಿಯ ಮಷೀನನ್ನು ಅವನು ಸರ್ವಿಸು ಮಾಡಿ ಕೊಟ್ಟ. ಮಾರನೇ ದಿನ ಬೆಳಿಗ್ಗೆ ಅಜ್ಜಿ ಅದನ್ನು ಕೈಗಾಡಿಯಲ್ಲಿ ಹಾಕಿಸಿಕೊಂಡು ಕೆಂಡವಾಗಿ ವಾಪಸು ಬಂದಳು. ಒಂದು ಹೊಲಿಗೆಯೂ ಬೀಳುತ್ತಿಲ್ಲ. ಅಂಗಡಿಯಲ್ಲಿ ಏಳೆಂಟು ಜನ ಕಾಯುತ್ತಿದ್ದರು. ಅಕ್ಕ ನೋಡಿದಳು. ಸೂಜಿ ತಿರುವುಮುರುವಾಗಿತ್ತು. ಸೂಜಿಯ ಚಪ್ಪಟೆ ಬೆನ್ನು ಕೆಳಗೆ ದಾರ ಹಿಡಿಯುವ ಕೊಕ್ಕೆಯ ಕಡೆಗಿರಬೇಕು, ಉದ್ದನೆಯ ಗೀರು ದಾರ ಬರುವ ಕಡೆಗೆ. ಸ್ಕ್ರೂ ಮೇಷ್ಟ್ರ ಮನೆಯಲ್ಲಿ ಇದನ್ನು ಅ ಆ ಇ ಈಗಿಂತ ಮೊದಲು ಕಲಿಸುತ್ತಿದ್ದರು.

"ನಾನು ಸರಿಯಾಗೇ ಹಾಕಿದ್ದೆ," ಅಂದ ಅವನು.

"ಹೌದಾ? ಹಾಗಾದ್ರೆ ರಾತ್ರಿ ಸೂಜಿನೇ ಮಗ್ಗುಲು ಬದಲಾಯಿಸ್ತೇನೋ. ಸೂಜಿ ಹಾಕೋಕೆ ಬರದವನು ನಮ್ಮಪ್ಪನ ಮಗ ಅಂತ ಹೇಳ್ಕೋಬೇಡ."

ಜನ ನಕ್ಕರು. ಅವಳೂ ನಕ್ಕಳು, ಅಜ್ಜಿಯ ಸಿಟ್ಟು ಇಳಿದರೆ ಸಾಕಾಗಿತ್ತು ಅವಳಿಗೆ. ಅವನು ಸ್ಕ್ರೂಡ್ರೈವರನ್ನು ಒರೆಸಿ, ಅದರ ಜಾಗದಲ್ಲೇ ಇಟ್ಟು, ಅಪ್ಪನ ಕೈಮಷೀನನ್ನು ಮಾತ್ರ ಎತ್ತಿಕೊಂಡು ನಡೆದ. ಸಂಜೆಗೆ ಬರುತ್ತಾನೆ ಅಂದುಕೊಂಡಳು. ವಾರಕ್ಕೆ ಬರುತ್ತಾನೆ ಅಂದುಕೊಂಡಳು. ಎರಡು ತಿಂಗಳಾದ ಮೇಲೆ ದಿಂಬಿನ ಅಜ್ಜಿ ಎಣ್ಣೆ ಕೊಳ್ಳಲು ಬಂದವಳು ಮಾತಿನ ನಡುವೆ ಅಂದಳು: ಅವತ್ತು ರಾತ್ರಿ ಮೊಮ್ಮಗಳು ಹೊಲಿಯಕ್ಕೆ ಕೂತು ಸೂಜಿ ಮುರಿದಿದ್ದಳಂತೆ, ಬೈಗುಳಕ್ಕೆ ಹೆದರಿ ತಾನೇ ಇನ್ನೊಂದು ಹಾಕಿಟ್ಟಿದ್ದಳಂತೆ, ಈಗ ಬಾಯಿ ಬಿಟ್ಟಳಂತೆ.

ಅಕ್ಕ ಆವತ್ತೇ ತಮ್ಮನಿಗೆ ಫೋನು ಹಚ್ಚಿದಳು. ಆ ನಂಬರು ಚಾಲ್ತಿಯಲ್ಲಿ ಇರಲಿಲ್ಲ. ತಪ್ಪು ನನ್ನದು ಅನ್ನುವ ಮಾತು ಹೇಳದೆ ಉಳಿಯಿತು. ಬೇರೆ ಊರು ಸೇರಿದ ಅಂದರು ಕೆಲವರು, ಲಾರಿಯವರ ಜೊತೆ ಕಂಡೆ ಅಂದರು ಕೆಲವರು. ಎಲ್ಲಿ ಕೈಮಷೀನಿನ ಸದ್ದು ಕೇಳಿದರೂ ಅವಳು ಸ್ಕೂಟರು ನಿಧಾನ ಮಾಡಿ ಕಿಟಕಿಯ ಕಡೆ ನೋಡುತ್ತಿದ್ದಳು. ಹೇಳದೆ ಉಳಿದ ಆ ಮಾತು ಅವಳ ಜೊತೆಗೇ ಊಟ ಮಾಡಿತು, ನಿದ್ದೆ ಮಾಡಿತು, ವಯಸ್ಸಾಯಿತು.

ಈಗ ಅವನು ಹೊಳೆಯ ಆಚೆ ದಂಡೆಯಲ್ಲಿದ್ದಾನೆ. ಸ್ಕೂಟರಿಗೆ ಮುಕ್ಕಾಲು ಗಂಟೆಯ ದಾರಿ.

"ಫೋನ್ ಮಾಡೇ ಮಾರಾಯ್ತಿ," ಅಂದ ಅಳತೆ ಮಾವ. ವಿಷಯ ತಿಳಿದಾಗ ಅವನ ತಮಾಷೆಯೆಲ್ಲ ಇಳಿದುಹೋಗಿತ್ತು. "ನಂಬರು ಕೈಲೇ ಇದೆಯಲ್ಲ."

"ಮಾತಾಡೋ ಹಾಗಿದ್ರೆ ಅವನೇ ಮಾಡ್ತಿದ್ದ ಮಾವ. ಫೋನ್ ಹೊಡ್ಕೊಂಡ್ರೆ ಎತ್ತಬೇಕು, ಎತ್ತಿದ್ರೆ ಮಾತು ಬರಬೇಕು. ಬರದಿದ್ರೆ ಕಟ್ ಮಾಡ್ತಾನೆ. ಒಂದ್ಸಲ ಕಟ್ ಮಾಡಿದ ಮೇಲೆ ಇನ್ನೊಂದು ಹನ್ನೊಂದು ವರ್ಷ."

"ಹಾಗಾದ್ರೆ ಬರಿ. ನನಗೆ ಕೊಡು, ನಾನು ಬರೀತೀನಿ."

"ನೀನು ಬರೆದ್ರೆ ಮದುವೆ ಕಾಗದ ಆಗುತ್ತೆ."

ಅವಳು ಬರೆದಳು. 'ಎಲ್ಲಿದ್ದೆಯೋ ಇಷ್ಟು ದಿನ' ಅಂತ ಬರೆದು ಅಳಿಸಿದಳು. ಅದು ದೂರಿನ ಹಾಗೆ ಕಂಡಿತು. 'ಅವತ್ತು ಸೂಜಿ' ಅಂತ ಶುರು ಮಾಡಿ ಅಳಿಸಿದಳು. ಎಲ್ಲರೆದುರು ಹೇಳಿದ್ದನ್ನು ಬೆರಳಿನಲ್ಲಿ ಗುಟ್ಟಾಗಿ ತಿದ್ದುವುದು ಅವಳಿಗೆ ಕಳ್ಳತನದ ಹಾಗೆ ಕಂಡಿತು. 'ಈಗಲೇ ಬರ್ತೀನಿ' ಅಂತ ಬರೆದಳು. ಅದನ್ನೂ ಅಳಿಸಿದಳು. ಬಾ ಅಂತ ಅವನೆಲ್ಲಿ ಅಂದಿದ್ದಾನೆ? ಬರೀ ಇಲ್ಲಿದ್ದೇನೆ ಅಂದಿದ್ದಾನೆ. ಇಲ್ಲಿದ್ದೇನೆ ಅನ್ನುವುದಕ್ಕೂ ಬಾ ಅನ್ನುವುದಕ್ಕೂ ನಡುವಿನ ದಾರಿಯನ್ನು ತಾನೇ ಕೇಳಿ ದಾಟಬೇಕು. ಕೇಳುವ ಪ್ರಶ್ನೆ ಹೇಗಿರಬೇಕೆಂದರೆ, ಬಾಯಿಗೆ ಬೀಗವಿದ್ದವನೂ ಉತ್ತರ ಕೊಡುವಂತಿರಬೇಕು.

ಕೊನೆಗೆ ತನ್ನ ಹಳೆಯ ಕಟ್ಟುನಿಟ್ಟಿಗೇ ಶರಣಾದಳು. ಬಂದದ್ದು ಹೇಳುವುದು, ಕಂಡದ್ದು ಹೇಳುವುದು, ಒಂದು ಪ್ರಶ್ನೆ.

"ಕಾರ್ಡ್ ಬಂತು. ಬಾಬಿನಕ್ಕನ ನಂಬರು ಅದೇ, ಬದಲಾಗಿಲ್ಲ. ನಿನ್ನ ನಂಬರು ಸೇವ್ ಮಾಡ್ಕೊಂಡೆ. ನಾಳೆ ಹತ್ತು ಗಂಟೆಗೆ ಬರಲಾ? ಬೇಡ ಅಂದ್ರೆ ಬೇಡ ಅಂತ ಹಾಕು, ಬೇಜಾರಿಲ್ಲ."

ನೀಲಿ ಗೀಟು ಬಿತ್ತು. 'ಟೈಪಿಂಗ್' ಅಂತ ಬಂತು, ಹೋಯಿತು. ಮತ್ತೆ ಬಂತು, ಹೋಯಿತು. ಅಳತೆ ಮಾವ ಕಾಜ ಹಾಕುವ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಅವಳ ಬಾಗಿಲಲ್ಲೇ ಕೂತುಬಿಟ್ಟಿದ್ದ. ಏನು ಬರೆಯುತ್ತಿದ್ದಾನೋ, ಏನು ಅಳಿಸುತ್ತಿದ್ದಾನೋ. ಅಕ್ಕನ ಹಾಗೇ ತಮ್ಮ. ಅರ್ಧ ಗಂಟೆಯ ಮೇಲೆ ಬಂದದ್ದು ಒಂದು ಲೊಕೇಶನ್. ಮಾತಿಲ್ಲ.

"ಮತ್ತೆ ಅದೇನಾ? ಇವನಿಗೇನು ಬೇರೆ ಕೆಲಸ ಇಲ್ವಾ?" ಅಂದ ಮಾವ.

ಅವಳು ತೆರೆದು ನೋಡಿದಳು. ಅದೇ ಅಲ್ಲ. ಈ ಸಲದ ಗುರುತು ನೀರಿನಲ್ಲಿರಲಿಲ್ಲ. ಹೊಂಡದಿಂದ ಮೇಲೆ ಬಂದು, ತೂಕದ ಸೇತುವೆಯ ಪಕ್ಕದ ಶೆಡ್ಡುಗಳ ಸಾಲಿನಲ್ಲಿ ಮೂರನೆಯದರ ಮೇಲೆ ಕರಾರುವಾಕ್ಕಾಗಿ ಕೂತಿತ್ತು. ಬೆಳಿಗ್ಗೆ ಅವಳು ಬರೆದದ್ದನ್ನು ಅವನು ಓದಿ, ತಿದ್ದಿ ಕಳಿಸಿದ್ದ. ಬೇಡವಾದವರಿಗೆ ಯಾರೂ ಬಾಗಿಲು ಸರಿಮಾಡಿ ತೋರಿಸುವುದಿಲ್ಲ.

"ಮೂರನೇ ಶೆಡ್ಡು. ಸರಿ, ನಾಳೆ ಹತ್ತಕ್ಕೆ," ಅಂತ ಬರೆದು ಅವಳು ಫೋನನ್ನು ಮಗುಚಿಟ್ಟಳು. ಆಮೇಲೆ ಡಬ್ಬಿಯ ಊಟ ಮುಗಿಸಿದಳು, ಏನು ತಿಂದೆ ಅನ್ನುವುದು ತಿಳಿಯದೆ.

ಬುಧವಾರ ಅವಳು ಇಸ್ತ್ರಿಯ ಸೀರೆ ಉಟ್ಟಳು. ಕನ್ನಡಿಯ ಮುಂದೆ ನಿಂತು, ಇದೇನು ಮದುವೆ ದಿಬ್ಬಣವೇ ಅಂತ ತನಗೆ ತಾನೇ ಬೈದುಕೊಂಡು, ಹಳೆಯದನ್ನು ಉಡಲು ಹೋಗಿ, ಹೊತ್ತಾಯಿತೆಂದು ಬಿಟ್ಟಳು. ಹೊರಡುವ ಮುಂಚೆ ಗಿರಾಕಿಗಳಿಗೆ ಮಾಡುವ ಹಾಗೆಯೇ ಮಾಡಿದಳು: "ಹೊರಟೆ. ದಾರಿಯಲ್ಲಿ ಫೋನ್ ಎತ್ತಲ್ಲ, ಇದರಲ್ಲಿ ನೋಡ್ತಿರು" ಅಂತ ಬರೆದು, ಒಂದು ಗಂಟೆಯ ಲೈವ್ ಲೊಕೇಶನ್ ಹಾಕಿದಳು. ಬರುವವರು ಎಲ್ಲಿದ್ದಾರೆ ಅಂತ ಕಂಡರೆ ಕಾಯುವವರ ಜೀವ ತಣ್ಣಗಿರುತ್ತದೆ. ಅದು ಅವಳ ಅನುಭವ. ಫೋನನ್ನು ಚೀಲದಲ್ಲಿಟ್ಟು ಹೊರಟಳು. ಪೇಟೆ ದಾಟಿತು, ಮರದ ಅಡ್ಡೆಗಳು ದಾಟಿದವು, ಸೇತುವೆ ಬಂತು. ಸೇತುವೆಯ ನಡುವೆ ಒಮ್ಮೆ ನಿಲ್ಲಿಸಿ ಗಂಟಲು ಸರಿಮಾಡಿಕೊಂಡಳು. ಹೇಳಬೇಕಾದ್ದನ್ನು ಒಮ್ಮೆ ನೀರಿಗೆ ಹೇಳಿ ನೋಡಿದಳು. ಸರಿಯಾಗೇ ಬಂತು.

ಮೂರನೇ ಶೆಡ್ಡು ಲಾರಿಗಳ ಟಾರ್ಪಾಲು ಹೊಲಿಯುವ ಜಾಗ. ಬಾಗಿಲಲ್ಲಿ ಮೇಣದ ವಾಸನೆ, ನೆಲದ ತುಂಬ ಹಸಿರು ಟಾರ್ಪಾಲಿನ ಗುಡ್ಡ. ಒಳಗಿಂದ ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಕೈ ಒರೆಸಿಕೊಳ್ಳುತ್ತ ಬಂದು, ಒಂದು ಗಳಿಗೆ ನೋಡಿ, "ಬನ್ನಿ ಅತ್ತಿಗೆ," ಅಂದಳು.

ಗಂಡನಿಗೆ ತಮ್ಮ ತಂಗಿಯರಿಲ್ಲ, ಐವತ್ತೆರಡು ವರ್ಷದಲ್ಲಿ ಆ ಮಾತಿನಿಂದ ಅವಳನ್ನು ಯಾರೂ ಕರೆದಿರಲಿಲ್ಲ. ತಮ್ಮನಿಗೆ ಮದುವೆಯಾದದ್ದು ಅವಳಿಗೆ ತಿಳಿದದ್ದೇ ಹಾಗೆ.

"ಅವನೆಲ್ಲಮ್ಮ?"

ತಮ್ಮನ ಹೆಂಡತಿ ಉತ್ತರ ಹೇಳುವ ಮೊದಲು ಸ್ಟೂಲು ಎಳೆದು ಹಾಕಿದಳು, ನೀರು ತಂದಳು. "ಒಂಬತ್ತರಿಂದ ಇಲ್ಲೇ ಕೂತಿದ್ರು ಅತ್ತಿಗೆ, ಫೋನ್ ಹಿಡ್ಕೊಂಡು. ನಿಮ್ಮ ಚುಕ್ಕೆ ನೋಡ್ತಾ. ಈಗ ಪೇಟೆ, ಈಗ ಮರದ ಅಡ್ಡೆ, ಅಂತ ನನಗೂ ಹೇಳ್ತಿದ್ರು. ಸೇತುವೆ ಮೇಲೆ ಚುಕ್ಕೆ ನಿಂತ್ಕೊಂಡ್ತು. ವಾಪಸ್ ಹೋಗ್ತಾಳೇನೋ ಅಂದ್ರು. ಮತ್ತೆ ಹೊರಡ್ತು ನೋಡಿ, ಎದ್ದು ನಿಂತ್ರು. ಲಾರಿಯವರು ಕರೀತಿದಾರೆ ಅಂತ ಹೋಗ್ಬಿಟ್ರು. ಯಾರೂ ಕರ್ದಿರ್ಲಿಲ್ಲ."

ಅವನು ಅರ್ಧ ಕುಡಿದಿಟ್ಟ ಚಹಾದ ಲೋಟ ಕಿಟಕಿಯ ಮೇಲೆ ಇನ್ನೂ ಹಬೆಯಾಡುತ್ತಿತ್ತು. ಮಷೀನಕ್ಕ ಅದನ್ನೇ ನೋಡುತ್ತ ನೀರು ಕುಡಿದಳು. ಕಾಯುವವರ ಜೀವ ತಣ್ಣಗಿರಲಿ ಅಂತ ತಾನು ಹಚ್ಚಿದ ಚುಕ್ಕೆಯೇ ಅವನನ್ನು ಎಬ್ಬಿಸಿ ಕಳಿಸಿತ್ತು. ಇದು ಅವಳ ಅನುಭವದಲ್ಲಿ ಇರಲಿಲ್ಲ.

"ಮಷೀನು ನೋಡಿ ಅಂದಿದಾರೆ," ಅಂದಳು ತಮ್ಮನ ಹೆಂಡತಿ ಮೆಲ್ಲಗೆ.

ಮೂಲೆಯ ಮೇಜಿನ ಮೇಲೆ ಅಪ್ಪನ ಕೈಮಷೀನು. ಬಣ್ಣ ಹೋದ ಕಡೆಯೂ ಒಂದು ತುಕ್ಕಿನ ಕಲೆಯಿಲ್ಲ. ಹಿಡಿಯ ಮರ ಕನ್ನಡಿಯಂತೆ ಹೊಳೆಯುತ್ತಿತ್ತು. ದಿನಾ ಒರೆಸುವ ಕೈಯಿಲ್ಲದೆ ಹೀಗಿರುವುದಿಲ್ಲ. ಅವಳು ಚಕ್ರ ತಿರುಗಿಸಿದಳು. ಸದ್ದು ಅಪ್ಪ ಕೇಳಿದರೂ ತಲೆದೂಗುವಂಥದ್ದು. ಬಟ್ಟೆಯ ತುಂಡು ಹಾಕಿ ಹೊಲಿದಳು. ಒಂದು ಹೊಲಿಗೆಯೂ ಬೀಳಲಿಲ್ಲ.

ಅವಳು ಬಗ್ಗಿ ನೋಡಿದಳು. 

"ನಿನ್ನೆ ಬೆಳಿಗ್ಗೆವರೆಗೂ ಚೆನ್ನಾಗೇ ಹೊಲೀತಿತ್ತು ಅತ್ತಿಗೆ. ಏನಾಗಿದೆ ಅಂತ ನೀವು ಮೆಸೇಜ್ ಹಾಕಿದ್ರಲ್ಲ, ಅದನ್ನ ಓದಿ ಇವರೇ ಎದ್ದು ಹೋಗಿ ಸೂಜಿ ಬಿಚ್ಚಿ ಏನೋ ಮಾಡಿದ್ರು. ಕೇಳಿದ್ರೆ ಅಕ್ಕ ನೋಡ್ತಾಳೆ ಬಿಡು ಅಂದ್ರು."

ಸೂಜಿಯ ಚಪ್ಪಟೆ ಬೆನ್ನು ಕೊಕ್ಕೆಗೆ ವಿಮುಖವಾಗಿ ನಿಂತಿತ್ತು. 'ಮಷೀನಿಗೆ ಏನಾಗಿದೆ' ಅಂತ ಅವಳು ಕೇಳಿದ್ದ ಪ್ರಶ್ನೆಗೆ ಉತ್ತರ ಅದು. ಅವನು ಹಂಗಿಸುತ್ತಿದ್ದಾನೋ, ಹನ್ನೊಂದು ವರ್ಷ ನುಂಗಿದ್ದನ್ನು ಹೊರಗಿಟ್ಟು ಹಗುರಾಗುತ್ತಿದ್ದಾನೋ, ಅಕ್ಕ ಬರಲಿ ಅಂತ ಒಂದು ನೆಪ ಹೂಡಿದ್ದಾನೋ, ಅವಳಿಗೆ ತಿಳಿಯಲಿಲ್ಲ. ಮಾತಿಲ್ಲದೆ ಕಳಿಸಿದ್ದನ್ನು ಓದುವುದರಲ್ಲಿ ಊರಿಗೇ ಹೆಸರಾದವಳು ಇದರ ಮುಂದೆ ಅನಕ್ಷರಸ್ಥೆಯಾಗಿ ನಿಂತಳು.

ಪಕ್ಕದಲ್ಲಿ ಅವನು ಹೊಲಿದು ಮಡಚಿದ್ದ ಟಾರ್ಪಾಲಿನ ಅಂಚು ಕಾಣುತ್ತಿತ್ತು. ಅವಳು ಅದರ ಮೇಲೆ ಬೆರಳು ಎಳೆದಳು. ಎರಡು ಸಾಲು ಹೊಲಿಗೆ, ಆ ಕೊನೆಯಿಂದ ಈ ಕೊನೆಗೆ ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಇಂಥ ದಪ್ಪ ಟಾರ್ಪಾಲಿನಲ್ಲಿ ಅಷ್ಟು ನೇರ ಅವಳಿಗೂ ಬರುತ್ತಿರಲಿಲ್ಲ. ಅಪ್ಪನಿಗೆ ಬರುತ್ತಿತ್ತು.

ಅವಳು ಸೂಜಿ ಬಿಚ್ಚಿದಳು, ತಿರುವಿದಳು, ಬಿಗಿದಳು. ಎರಡು ನಿಮಿಷದ ಕೆಲಸ. ಆದರೂ ಕೂತಳು, ಎಣ್ಣೆ ಬೇಡದ ಕಡೆಗೂ ಒಂದೊಂದು ಹನಿ ಬಿಟ್ಟಳು, ಸ್ವಚ್ಛವಿದ್ದ ಶಟಲನ್ನು ಬಿಚ್ಚಿ ಒರೆಸಿದಳು, ಖಾಲಿ ಬಾಬಿನ್ನುಗಳು ಕಂಡಾಗ ಒಂದೊಂದಕ್ಕೇ ದಾರ ಸುತ್ತಿದಳು. ಆರು ಬಾಬಿನ್ನು ತುಂಬಿದವು. ಹೊರಗೆ ಲಾರಿಗಳು ಬಂದು ತೂಗಿಸಿಕೊಂಡು ಹೋದವು. ಒಂದೊಂದು ಹೆಜ್ಜೆಯ ಸದ್ದಿಗೂ ಅವಳ ಕೈ ನಿಲ್ಲುತ್ತಿತ್ತು. ಯಾವುದೂ ಒಳಗೆ ಬರಲಿಲ್ಲ. ಲೈವ್ ಲೊಕೇಶನ್ನಿನ ಒಂದು ಗಂಟೆ ಮುಗಿದು ಚುಕ್ಕೆ ತಾನಾಗೇ ಆರಿತ್ತು.

ಹನ್ನೆರಡಕ್ಕೆ ಅವಳು ಫೋನು ತೆಗೆದಳು. ಕೆಲಸ ಮುಗಿದ ಮೇಲೆ ಗಿರಾಕಿಗೆ ಒಂದು ಸಾಲು ಬರೆಯುವುದು ಅವಳ ರೂಢಿ.

"ಮಷೀನು ಓಡ್ತಿದೆ. ಟಾರ್ಪಾಲಿನ ಹೊಲಿಗೆ ನೋಡಿದೆ, ಅಪ್ಪನ ಕೈ. ನಿನಗೆ ಒಂದು ಮಾತು ಹೇಳೋದಿದೆ, ಅದು ಎದುರಿಗೇ ಹೇಳೋ ಮಾತು. ಇದು ನನ್ನ ಅಂಗಡಿ, ಅದೇ ಜಾಗ. ಯಾವ ದಿನ ಬಂದ್ರೂ ಸರಿ. ಬರೋ ಮುಂಚೆ ಏನೂ ಬರೀಬೇಕಾಗಿಲ್ಲ."

ಅದರ ಕೆಳಗೆ ಅಂಗಡಿಯ ಲೊಕೇಶನ್ ಹಾಕಿದಳು. ಅವನು ಹುಟ್ಟಿ ಬೆಳೆದ ಬೀದಿ. ಕಣ್ಣು ಕಟ್ಟಿ ಬಿಟ್ಟರೂ ಬರಬಲ್ಲ. ಆದರೂ ಹಾಕಿದಳು, ಗುರುತು ಸರಿಯಾಗಿ ಬಾಗಿಲ ಮೇಲೇ ಕೂತಿದೆಯೇ ಅಂತ ಎರಡು ಸಲ ನೋಡಿ. ನೀಲಿ ಗೀಟು ಬಿತ್ತು. ಟೈಪಿಂಗ್ ಅಂತ ಬರಲಿಲ್ಲ.

ಪೆಟ್ಟಿಗೆ ಮುಚ್ಚುವಾಗ ತಮ್ಮನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಅದೇನು ಮಾತು ಅತ್ತಿಗೆ? ನನಗೆ ಹೇಳಬಹುದಾ?"

ಮಷೀನಕ್ಕ ಹೇಳಿದಳು. ದಿಂಬಿನ ಅಜ್ಜಿ, ಮೊಮ್ಮಗಳು, ಮುರಿದ ಸೂಜಿ, ತಾನು ಅಂದದ್ದು, ಜನ ನಕ್ಕದ್ದು. ಹೇಳುವಾಗ ಒಂದನ್ನೂ ಮೆತ್ತಗೆ ಮಾಡಲಿಲ್ಲ. ಅವಳಿಗೆ ಆಶ್ಚರ್ಯವಾಗುವಂತೆ ಸೇತುವೆಯ ಮೇಲೆ ಬಂದಷ್ಟೇ ಸಲೀಸಾಗಿ ಬಂತು.

ತಮ್ಮನ ಹೆಂಡತಿಯ ಕಣ್ಣು ತುಂಬಿತು. "ಇಷ್ಟೇನಾ? ಇದೊಂದು ಗೊತ್ತಾದ್ರೆ ಇವರು ಈಗಲೇ ಓಡಿ ಬರ್ತಾರೆ ಅತ್ತಿಗೆ. ಆ ತೂಕದ ಕೊಠಡಿ ಹಿಂದೆ ಕೂತಿರ್ತಾರೆ, ನನಗ್ಗೊತ್ತು. ನಾನು ಹೋಗಿ ಹೇಳ್ತೀನಿ, ಕೈ ಹಿಡಿದು ಎಳ್ಕೊಂಡು ಬರ್ತೀನಿ. ಎರಡೇ ನಿಮಿಷ." ಅನ್ನುತ್ತಲೇ ಅವಳು ಒಂದು ಕೈಯಲ್ಲಿ ಚಪ್ಪಲಿ ಹುಡುಕುತ್ತಿದ್ದಳು, ಇನ್ನೊಂದರಲ್ಲಿ ಪೆಟ್ಟಿಗೆಯ ಹಿಡಿಕೆ ಹಿಡಿದಿದ್ದಳು.

ಮಷೀನಕ್ಕ ಕಿಟಕಿಯಾಚೆ ನೋಡಿದಳು. ತೂಕದ ಕೊಠಡಿ ನೂರು ಹೆಜ್ಜೆಯಷ್ಟೂ ದೂರವಿರಲಿಲ್ಲ. ಅದರ ಗೋಡೆಯ ಅಂಚಿನಲ್ಲಿ ಯಾರದೋ ಮೊಣಕೈ ಕಂಡ ಹಾಗಾಯಿತು, ಇರಲಿಕ್ಕಿಲ್ಲ, ಇರಲೂಬಹುದು. ಅವಳು ಕಣ್ಣು ತೆಗೆದು, ಪೆಟ್ಟಿಗೆಯ ಹಿಡಿಕೆಯ ಮೇಲಿದ್ದ ತಮ್ಮನ ಹೆಂಡತಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.

"ಬೇಡ ಕಣಮ್ಮ. ನೀನು ಎಳ್ಕೊಂಡು ಬಂದ್ರೆ ಅವನು ನಿನ್ನ ಮಾತಿಗೆ ಬಂದ ಹಾಗಾಗುತ್ತೆ. ನೀನೇ ಹೇಳಿಬಿಟ್ರೆ ಅವನಿಗೆ ವಿಷಯ ಗೊತ್ತಾಗುತ್ತೆ, ಅಷ್ಟೇ. ಜನರ ಮುಂದೆ ಅಂದಿದ್ದು ಈ ಬಾಯಿ, ಇದೇ ಹೇಳ್ಬೇಕು. ಹನ್ನೊಂದು ವರ್ಷ ಹೊತ್ತಿದೀನಿ, ಇನ್ನೂ ಸ್ವಲ್ಪ ದಿನ ಹೊತ್ತರೆ ನನ್ನ ಕತ್ತೇನೂ ಮುರಿಯಲ್ಲ. ಅವನ ಚಹಾ ಆರಿದೆ, ಬಿಸಿ ಮಾಡಿಡು. ಪೆಟ್ಟಿಗೆ ಬಿಡು ಈಗ, ಅದನ್ನೂ ನಾನೇ ಹೊತ್ಕೊಂಡು ಹೋಗ್ತೀನಿ."